ಕಾವಿ ನೆಲದ ಮೇಲೆ ಕಡಲ ಕಾಳಗ: ವಾರ್ ಗೇಮ್ ಆಡಿಸುವ ಬಗೆ

ಪ್ರಶ್ನೆ: ಉಡುಪಿ ಹತ್ತಿರದ ಕಾಲೇಜೊಂದರಲ್ಲಿ ಎನ್‌ಸಿಸಿ ನೌಕಾ ವಿಭಾಗ ನೋಡಿಕೊಳ್ಳುವ ಉಪನ್ಯಾಸಕ ನಾನು. ಈ ವರ್ಷ ಮಕ್ಕಳಿಗೆ ಒಂದು ವಾರ್ ಗೇಮ್ ಆಡಿಸಬೇಕೆಂಬ ಆಸೆ. ಕಂಪ್ಯೂಟರ್, ಸಾಫ್ಟ್‌ವೇರ್ ಏನಾದರೂ ಬೇಕೇ? ಇನ್ನೊಂದು ಸಂಶಯವೂ ಇದೆ. ಮಿಡ್‌ವೇ ಯುದ್ಧಕ್ಕೆ ಮೊದಲು ಜಪಾನಿನವರು ಹೀಗೇ ಆಡಿ ನೋಡಿ, ಆಟದಲ್ಲಿ ಮುಳುಗಿದ ಹಡಗನ್ನು ಅಂಪೈರೇ ಮೇಲೆತ್ತಿದರಂತೆ. ಕೊನೆಗೆ ನಿಜವಾದ ಯುದ್ಧದಲ್ಲಿ ಸೋತರು. ಹಾಗಾದರೆ ಈ ಆಟದಿಂದ ಪ್ರಯೋಜನ ಏನು ಸರ್?

ಉತ್ತರ: ಕಂಪ್ಯೂಟರ್ ಬೇಡ. 20 ಅಡಿ ಉದ್ದದ ಒಂದು ಕೋಣೆ, ಮೂರು ಬಣ್ಣದ ಚಾಕ್, ಒಂದು ಅಳತೆಪಟ್ಟಿ, ಒಂದು ದಾಳ, ಒಂದು ಹಳೆಯ ಬೆಡ್‌ಶೀಟ್ ಇದ್ದರೆ ಸಾಕು. ಕೋಣೆಯ ನೆಲ ಕಾವಿಯದ್ದಾದರೆ ಇನ್ನೂ ಒಳ್ಳೆಯದು. ಕಾರಣ ಮುಂದೆ ಹೇಳುತ್ತೇನೆ, ಮೊದಲು ನಿಮ್ಮ ಸಂಶಯಕ್ಕೆ ಬರೋಣ.

ಮಿಡ್‌ವೇ ಕಥೆಯನ್ನು ಎಲ್ಲರೂ ಅರ್ಧ ಹೇಳಿ ಬಿಡುತ್ತಾರೆ. 1942ರ ಮೇ ಮೊದಲ ವಾರ ಯಮಾಟೊ ಯುದ್ಧನೌಕೆಯ ಮೇಲೆ ಆಟ ನಡೆಯಿತು. ಮುಖ್ಯ ಅಂಪೈರ್ ಅಡ್ಮಿರಲ್ ಉಗಾಕಿ. ಅಮೆರಿಕದ ವಿಮಾನಗಳು ಜಪಾನಿನ ವಿಮಾನವಾಹಕ ನೌಕೆಗಳ ಮೇಲೆ ಎರಗಿದಾಗ ದಾಳ ಹಾಕಿದರು, ಒಂಬತ್ತು ಬಾಂಬು ತಗುಲಿದವೆಂದು ಬಂತು. ಅಕಾಗಿ, ಕಾಗಾ ಎರಡೂ ಮುಳುಗಿದ ಲೆಕ್ಕ. ಉಗಾಕಿ ಒಂಬತ್ತನ್ನು ಮೂರಕ್ಕೆ ಇಳಿಸಿದರು. ಕಾಗಾ ಮಾತ್ರ ಮುಳುಗಿತು, ಮುಂದಿನ ಹಂತದ ಆಟದಲ್ಲಿ ಅದೂ ಮತ್ತೆ ಕಾಣಿಸಿಕೊಂಡಿತು.

ಇದನ್ನು ಮೋಸ ಎಂದು ಬರೆಯುವುದು ವಾಡಿಕೆ. ನನ್ನ ಅಭಿಪ್ರಾಯ ಬೇರೆ. ದಾಳದ ಒಂದು ಎಸೆತ ಒಂದು ಎಸೆತ ಮಾತ್ರ. ಒಂಬತ್ತು ಬಾಂಬು ತೀರಾ ಹೆಚ್ಚೆನಿಸಿದರೆ ಅದನ್ನು ಇಳಿಸುವ ಅಧಿಕಾರ ಅಂಪೈರ್‌ಗೆ ಇದ್ದೇ ಇದೆ. ಮುಳುಗಿದ ಹಡಗನ್ನು ಮುಂದಿನ ಹಂತಕ್ಕೆ ತರುವುದೂ ತಪ್ಪಲ್ಲ. ಇಲ್ಲವಾದರೆ ಉಳಿದ ಯೋಜನೆಯನ್ನು ಪರೀಕ್ಷಿಸಲು ಆಗುವುದೇ ಇಲ್ಲ. ತಪ್ಪು ನಡೆದದ್ದು ಇನ್ನೊಂದು ಕಡೆ. ಮಿಡ್‌ವೇ ದ್ವೀಪದ ಮೇಲೆ ದಾಳಿ ಮಾಡುತ್ತಿರುವಾಗಲೇ ಶತ್ರುವಿನ ವಿಮಾನವಾಹಕ ನೌಕೆಗಳು ಪಕ್ಕದಿಂದ ಬಂದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆ ಅದೇ ಮೇಜಿನ ಸುತ್ತ ಎದ್ದಿತ್ತು. ಅರ್ಧದಷ್ಟು ವಿಮಾನಗಳನ್ನು ಹಡಗುಗಳ ವಿರುದ್ಧ ಸಜ್ಜಾಗಿಟ್ಟಿರಬೇಕು ಎಂಬ ಸೂಚನೆಯೂ ಬಂತು. ಆದರೆ ಅದು ಬಾಯಿಮಾತಾಗಿಯೇ ಉಳಿಯಿತು. ಜೂನ್ 4ರ ಬೆಳಿಗ್ಗೆ 7:15ಕ್ಕೆ ಜಪಾನಿನ ವಿಮಾನವಾಹಕ ನೌಕೆಗಳ ಮುಖ್ಯಸ್ಥ ನಗುಮೋ ಅದೇ ಕಾದಿಟ್ಟ ವಿಮಾನಗಳ ಟಾರ್ಪಿಡೊ ಇಳಿಸಿ, ನೆಲದ ಗುರಿಗೆ ಬೇಕಾದ ಬಾಂಬು ಏರಿಸಲು ಹೇಳಿದರು. ಸ್ವಲ್ಪ ಹೊತ್ತಿನಲ್ಲೇ ಶತ್ರು ಹಡಗುಗಳು ಕಂಡವೆಂಬ ಸುದ್ದಿ ಬಂತು. ಹತ್ತೂವರೆ ಆಗುವುದರೊಳಗೆ ಮೂರು ನೌಕೆಗಳು ಹೊತ್ತಿ ಉರಿಯುತ್ತಿದ್ದವು, ನಾಲ್ಕನೆಯದಕ್ಕೆ ಮಧ್ಯಾಹ್ನದ ಮೇಲೆ ಏಟು ಬಿತ್ತು.

ಅಂದರೆ ಆಟ ತನ್ನ ಕೆಲಸ ಮಾಡಿತ್ತು. ಯೋಜನೆ ಯಾವ ನಿರ್ಧಾರದ ಮೇಲೆ ನಿಂತಿದೆ ಎಂದು ಬೆರಳಿಟ್ಟು ತೋರಿಸಿತ್ತು. ವಾರ್ ಗೇಮ್‌ನಿಂದ ಪಡೆಯಬೇಕಾದದ್ದು ಅಷ್ಟೇ, ಯಾರು ಗೆಲ್ಲುತ್ತಾರೆ ಎಂಬ ಭವಿಷ್ಯವನ್ನಲ್ಲ. ಆಟದಲ್ಲಿ ಎದ್ದ ಪ್ರಶ್ನೆ ಲಿಖಿತ ಆದೇಶವಾಗಿ ಹೊರಗೆ ಬರಲಿಲ್ಲ ಎಂಬಲ್ಲಿ ಅವರು ಎಡವಿದರು.

ಅದೇ ವರ್ಷ ಇನ್ನೊಂದು ಕಡೆ ಇದೇ ಕೆಲಸ ಸರಿಯಾಗಿ ನಡೆಯಿತು. ನಿಮ್ಮ ಮಕ್ಕಳಿಗೆ ಆಡಿಸಲು ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳಿ. 1942ರ ಜನವರಿಯಲ್ಲಿ ಲಿವರ್‌ಪೂಲ್‌ನಲ್ಲಿ ಬ್ರಿಟಿಷ್ ನೌಕಾಪಡೆ ಒಂದು ಪುಟ್ಟ ಘಟಕ ತೆರೆಯಿತು, ಹೆಸರು ವೆಸ್ಟರ್ನ್ ಅಪ್ರೋಚಸ್ ಟ್ಯಾಕ್ಟಿಕಲ್ ಯೂನಿಟ್. ಮುಖ್ಯಸ್ಥ ಗಿಲ್ಬರ್ಟ್ ರಾಬರ್ಟ್ಸ್, ಕ್ಷಯ ಬಂದು ನೌಕಾಪಡೆಯಿಂದ ಹೊರಬಿದ್ದಿದ್ದ ಅಧಿಕಾರಿ. ಜೊತೆಗಿದ್ದವರು ನೌಕಾಪಡೆಯ ಮಹಿಳಾ ವಿಭಾಗದ ಹುಡುಗಿಯರು, ಹೆಚ್ಚಿನವರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಅಟ್ಲಾಂಟಿಕ್‌ನಲ್ಲಿ ಜರ್ಮನ್ ಸಬ್‌ಮೆರಿನ್‌ಗಳು ಸರಕು ಹಡಗುಗಳ ಕಾನ್ವಾಯ್‌ಗಳನ್ನು ರಾತ್ರಿ ಹೊತ್ತು ಮುಳುಗಿಸುತ್ತಿದ್ದವು, ಅವು ಎಲ್ಲಿಂದ ಹೊಡೆಯುತ್ತಿವೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಇವರು ನೆಲದ ಮೇಲೆ 10 ಇಂಚಿಗೆ ಒಂದು ಮೈಲಿಯ ಅಳತೆಯಲ್ಲಿ ಸಮುದ್ರ ಬರೆದು, ಎರಡೆರಡು ನಿಮಿಷದ ಸರದಿಯಲ್ಲಿ ಆ ದಾಳಿಗಳನ್ನು ಮತ್ತೆ ಮತ್ತೆ ಆಡಿ ನೋಡಿದರು.

ಸುತ್ತ ಕ್ಯಾನ್ವಾಸ್ ಪರದೆ ಕಟ್ಟಿದ್ದರು. ಆಟಗಾರರು ಹೊರಗೆ ಕುಳಿತು ಪರದೆಯ ಸೀಳಿನಿಂದ ಇಣುಕಬೇಕು, ಹಡಗಿನ ಮೇಲಿದ್ದವರಿಗೆ ಎಷ್ಟು ಕಾಣುತ್ತಿತ್ತೋ ಅಷ್ಟೇ ಕಾಣಬೇಕು. ತಮ್ಮ ಹಡಗುಗಳ ದಾರಿ ಬಿಳಿ ಚಾಕಿನಲ್ಲಿ. ಸಬ್‌ಮೆರಿನ್‌ನ ದಾರಿ ಹಸಿರು ಚಾಕಿನಲ್ಲಿ, ಕಂದು ನೆಲದ ಮೇಲೆ ಆ ಹಸಿರು ಪರದೆಯಾಚೆಯಿಂದ ಕಣ್ಣಿಗೆ ಹತ್ತುತ್ತಿರಲಿಲ್ಲ. ಆಟ ಮುಗಿದು ಎಲ್ಲರೂ ಒಳಗೆ ಬಂದು ನಿಂತಾಗಲೇ ಪೂರ್ತಿ ಚಿತ್ರ ಕಾಣುವುದು. ನಮ್ಮ ಕಡೆಯ ಕಾವಿ ನೆಲವನ್ನು ನಾನು ಹೊಗಳಿದ್ದು ಇದಕ್ಕೇ. ಅದರ ಮೇಲೆ ಬಿಳಿ ಎದ್ದು ಕಾಣುತ್ತದೆ, ಕಡು ಹಸಿರು ಮಬ್ಬಾಗುತ್ತದೆ. ನೆಲ ಟೈಲ್ಸ್ ಆಗಿದ್ದರೆ ಆಟಗಾರರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, ಚೀಟಿಯ ಮೂಲಕ ವ್ಯವಹರಿಸಿ.

ಇನ್ನು ನಿಮ್ಮ ಆಟ. 10 ಇಂಚಿಗೆ ಒಂದು ನಾಟಿಕಲ್ ಮೈಲಿ, ಸರದಿಗೆ 2 ನಿಮಿಷ ಎಂದಿಟ್ಟುಕೊಂಡರೆ ಲೆಕ್ಕ ಬಹಳ ಸುಲಭವಾಗುತ್ತದೆ. ಹಡಗಿನ ವೇಗ ಎಷ್ಟು ನಾಟ್, ಅಂದರೆ ಗಂಟೆಗೆ ಎಷ್ಟು ನಾಟಿಕಲ್ ಮೈಲಿ ಇದೆಯೋ ಅದನ್ನು ಮೂರರಿಂದ ಭಾಗಿಸಿ, ಒಂದು ಸರದಿಯಲ್ಲಿ ಅದು ಅಷ್ಟು ಇಂಚು ಚಲಿಸುತ್ತದೆ. ಕಾನ್ವಾಯ್‌ನ ವೇಗ 7 ನಾಟ್, ಸರದಿಗೆ 2.3 ಇಂಚು. ಬೆಂಗಾವಲು ಹಡಗು ಹುಡುಕುವಾಗ 15 ನಾಟ್, 5 ಇಂಚು. ಸಬ್‌ಮೆರಿನ್ ನೀರಿನ ಮೇಲೆ 17 ನಾಟ್, 5.7 ಇಂಚು. ನೀರಿನೊಳಗೆ ಬ್ಯಾಟರಿ ಉಳಿಸಿಕೊಂಡು ಹೋದರೆ 4 ನಾಟ್, 1.3 ಇಂಚು.

ಈ ನಾಲ್ಕು ಸಂಖ್ಯೆಗಳಲ್ಲೇ ಇಡೀ ಕಥೆ ಇದೆ. ನೀರಿನ ಮೇಲಿರುವಾಗ ಸಬ್‌ಮೆರಿನ್ ಬೆಂಗಾವಲಿಗಿಂತ ವೇಗವಾಗಿದೆ, ಮುಳುಗಿದರೆ ಸರಕು ಹಡಗಿಗಿಂತಲೂ ನಿಧಾನ. ಇದಕ್ಕೆ ಇನ್ನೊಂದು ಸೇರಿಸಿ. ಆಗಿನ ಸೋನಾರ್, ಅಂದರೆ ಆಸ್ಡಿಕ್, ನೀರಿನೊಳಗೆ ಶಬ್ದ ಕಳಿಸಿ ಪ್ರತಿಧ್ವನಿ ಕೇಳುವ ಯಂತ್ರ. ಮುಳುಗಿದ ಸಬ್‌ಮೆರಿನ್ ಸುಮಾರು 1,500 ಗಜದೊಳಗಿದ್ದರೆ, ಅಂದರೆ ನಿಮ್ಮ ನೆಲದಲ್ಲಿ ಏಳೂವರೆ ಇಂಚಿನೊಳಗೆ, ಅದು ಸಿಗಬಹುದು. ಮೇಲೆ ತೇಲುತ್ತಿದ್ದರೆ ಸಿಗುವುದಿಲ್ಲ. ಹಾಗಾಗಿ ರಾತ್ರಿ ಕತ್ತಲಲ್ಲಿ ದೀಪವಿಲ್ಲದೆ, ನೀರಿನ ಮಟ್ಟಕ್ಕೆ ತಗ್ಗಾಗಿ ತೇಲಿಕೊಂಡು ಬರುವುದೇ ಅದಕ್ಕೆ ಸುರಕ್ಷಿತ. ಮಲ್ಪೆಯಿಂದ ರಾತ್ರಿ ಕಡಲಿಗೆ ಹೋಗುವ ಮೀನುಗಾರರನ್ನು ಕೇಳಿ ನೋಡಿ, ದೀಪ ಕೆಟ್ಟ ದೋಣಿ ಎಷ್ಟು ಹತ್ತಿರ ಬರುವ ತನಕ ಕಾಣುವುದಿಲ್ಲ ಎಂದು ಅವರು ನಿಮಗಿಂತ ಚೆನ್ನಾಗಿ ಹೇಳುತ್ತಾರೆ.

ಕಾನ್ವಾಯ್‌ಗೆ 12 ಹಡಗು ಸಾಕು. ಮೂರು ಸಾಲು, ಸಾಲಿಗೆ ನಾಲ್ಕು. ಸಾಲುಗಳ ನಡುವೆ 1,000 ಗಜ, ಅಂದರೆ 5 ಇಂಚು. ಹಿಂದೆಮುಂದೆ ಇರುವ ಹಡಗುಗಳ ನಡುವೆ ಎರಡೂವರೆ ಇಂಚು. ಬೆಂಗಾವಲು ಮೂರು: ಒಂದು ಮುಂದೆ, ಎಡಬಲದಲ್ಲಿ ಒಂದೊಂದು, ಹೊರಸಾಲಿನಿಂದ 10 ಇಂಚು ದೂರದಲ್ಲಿ. ನೀಲಿ ಪಕ್ಷಕ್ಕೆ ನಾಲ್ಕು ಮಕ್ಕಳು: ಒಬ್ಬ ಬೆಂಗಾವಲಿನ ಮುಖ್ಯಸ್ಥ, ಮೂವರು ಹಡಗಿನ ಕ್ಯಾಪ್ಟನ್‌ಗಳು. ಸಬ್‌ಮೆರಿನ್ ನಡೆಸುವ ಕೆಂಪು ಪಕ್ಷಕ್ಕೆ ಇಬ್ಬರು. ನೆಲದ ಮೇಲೆ ಗೆರೆ ಎಳೆಯಲು ಇಬ್ಬರು, ಅಂಪೈರ್ ಒಬ್ಬ, ಬರೆದಿಡಲು ಒಬ್ಬ. ಬರೆದಿಡುವವನ ಕೆಲಸ ಹಗುರವಲ್ಲ, ಇದ್ದುದರಲ್ಲಿ ಚುರುಕಾದ ಹುಡುಗಿಯನ್ನೋ ಹುಡುಗನನ್ನೋ ಅಲ್ಲಿ ಕೂರಿಸಿ.

ಪ್ರತಿ ಸರದಿಯಲ್ಲೂ ಎರಡೂ ಪಕ್ಷ ಚೀಟಿಯಲ್ಲಿ ಆದೇಶ ಬರೆದು ಕೊಡಬೇಕು. ಯಾವ ದಿಕ್ಕು, ಎಷ್ಟು ವೇಗ, ಬೇರೆ ಹಡಗಿಗೆ ಏನಾದರೂ ಸಂದೇಶ ಇದೆಯೇ. ಒಂದು ಹಡಗಿನಿಂದ ಇನ್ನೊಂದಕ್ಕೆ ಹೋಗುವ ಸಂದೇಶವನ್ನು ಮುಂದಿನ ಸರದಿಗೆ ತಲುಪಿಸಿ, ಅದೇ ಸರದಿಗೆ ಬೇಡ. ಈ ಒಂದು ನಿಯಮ ಬಿಟ್ಟರೆ ಮಕ್ಕಳು ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಯುದ್ಧ ಮಾಡಿದ ಹಾಗಾಗುತ್ತದೆ. ಚೀಟಿ ಬಂದ ಮೇಲೆ ಗೆರೆ ಎಳೆಯುವವರು ಹಡಗು ಸರಿಸುತ್ತಾರೆ. ಅಂಪೈರ್ ಯಾರಿಗೆ ಏನು ಕಂಡಿತು ಎಂದು ತೀರ್ಮಾನಿಸಿ, ಅಷ್ಟನ್ನು ಮಾತ್ರ ಆ ಪಕ್ಷಕ್ಕೆ ಚೀಟಿಯಲ್ಲಿ ತಿಳಿಸುತ್ತಾನೆ. ಮೊದಲ ಆಟಕ್ಕೆ ಒಂದು ಸರದಿಗೆ ನಾಲ್ಕೈದು ನಿಮಿಷ ಹಿಡಿಯುತ್ತದೆ. 30 ಸರದಿ ಎಂದರೆ ಕಡಲಿನ ಒಂದು ಗಂಟೆ, ನಿಮ್ಮ ಎರಡೂವರೆ ಗಂಟೆ.

ದಾಳದ ನಿಯಮ ಎರಡೇ ಇರಲಿ. ಇವು ನಿಮ್ಮ ಆಟಕ್ಕೆ ಸಾಕಾಗುವ ಅಂದಾಜು, ಯುದ್ಧದ ದಾಖಲೆಯಿಂದ ತೆಗೆದವಲ್ಲ. ತೇಲುವ ಸಬ್‌ಮೆರಿನ್ ಬೆಂಗಾವಲಿನಿಂದ 5 ಇಂಚಿನೊಳಗಿದ್ದರೆ ದಾಳ ಹಾಕಿ, 5 ಅಥವಾ 6 ಬಿದ್ದರೆ ಕಂಡಿತು. ಮುಳುಗಿದ್ದು ಏಳೂವರೆ ಇಂಚಿನೊಳಗಿದ್ದು ಬೆಂಗಾವಲಿನ ವೇಗ 15 ನಾಟ್ ಮೀರದಿದ್ದರೆ, 4ರಿಂದ ಮೇಲೆ ಬಿದ್ದರೆ ಆಸ್ಡಿಕ್‌ಗೆ ಸಿಕ್ಕಿತು. ಅದಕ್ಕಿಂತ ವೇಗವಾಗಿ ಓಡುತ್ತಿದ್ದರೆ ತನ್ನದೇ ಸದ್ದಿನಲ್ಲಿ ಬೇರೇನೂ ಕೇಳದು, ದಾಳ ಹಾಕಲೇ ಬೇಡಿ. ಹಡಗುಗಳು ಈಗಷ್ಟೇ ಹಾದುಹೋದ ಕಲಕಿದ ನೀರಿನಲ್ಲಿ 6 ಬಿದ್ದರೆ ಮಾತ್ರ ಸಿಕ್ಕಿತು.

ಈಗ ಒಂದು ಆಟ ನಡೆಸಿ ನೋಡೋಣ. ಕೆಂಪು ಪಕ್ಷ ತನ್ನ ಸಬ್‌ಮೆರಿನ್ ಅನ್ನು ಕಾನ್ವಾಯ್‌ನ ಬಾಲದಿಂದ 30 ಇಂಚು ಹಿಂದೆ, ಅಂದರೆ ಮೂರು ಮೈಲಿ ದೂರದಲ್ಲಿ, ನೀರಿನ ಮೇಲೆ ಇಡುತ್ತದೆ. ಸರದಿಗೆ 5.7 ಇಂಚು ಅದರ ಓಟ, ಕಾನ್ವಾಯ್ 2.3 ಇಂಚು ಮುಂದೆ ಸರಿಯುತ್ತದೆ, ಹಾಗಾಗಿ ಅಂತರ ಸರದಿಗೆ 3.4 ಇಂಚು ಕಡಿಮೆಯಾಗುತ್ತದೆ. ಒಂಬತ್ತು ಸರದಿಯಲ್ಲಿ, ಅಂದರೆ 18 ನಿಮಿಷದಲ್ಲಿ ಅದು ಬಾಲವನ್ನು ಮುಟ್ಟುತ್ತದೆ. ಬೆಂಗಾವಲುಗಳೆಲ್ಲ ಮುಂದೆ ಮತ್ತು ಪಕ್ಕದಲ್ಲಿವೆ, ಹಿಂದೆ ಯಾರೂ ಇಲ್ಲ. ಹತ್ತನೇ ಸರದಿಯಲ್ಲಿ ಅದು ಸಾಲುಗಳ ನಡುವೆ ನುಗ್ಗಿ 600 ಗಜದಿಂದ ಟಾರ್ಪಿಡೊ ಬಿಡುತ್ತದೆ. 30 ನಾಟ್ ವೇಗದ ಟಾರ್ಪಿಡೊ ನಿಮಿಷಕ್ಕೆ ಸುಮಾರು 1,000 ಗಜ ಹೋಗುತ್ತದೆ, ಹಾಗಾಗಿ ಅದೇ ಸರದಿಯಲ್ಲೇ ಸ್ಫೋಟ. ನೀಲಿಗೆ ಹೋಗುವ ಚೀಟಿಯಲ್ಲಿ ಇಷ್ಟೇ ಇರಬೇಕು: ‘ಬಲಸಾಲಿನ ಮೂರನೇ ಹಡಗಿನಲ್ಲಿ ಸ್ಫೋಟ.’ ಎಡಮಗ್ಗುಲೋ ಬಲಮಗ್ಗುಲೋ ಎಂದು ಅವರೇ ಕೇಳಿದರೆ ಮಾತ್ರ, ಎರಡು ಸರದಿ ತಡವಾಗಿ ತಿಳಿಸಿ.

ಇಲ್ಲಿ ಆಟ ಕವಲೊಡೆಯುತ್ತದೆ. ಮೊದಲ ಸಲ ಆಡುವ ಹತ್ತರಲ್ಲಿ ಒಂಬತ್ತು ಮಂದಿ ಶತ್ರು ಹೊರಗಿದ್ದಾನೆ ಎಂದುಕೊಂಡು ಬೆಂಗಾವಲುಗಳನ್ನು ಹೊರದಿಕ್ಕಿಗೆ ಓಡಿಸುತ್ತಾರೆ. ನಿಜವಾಗಿಯೂ ಆಗ ನೌಕಾಪಡೆಯಲ್ಲಿ ಇಂಥದ್ದೊಂದು ವಿಧಾನ ಇತ್ತು, ಹೆಸರು ಬಟರ್‌ಕಪ್. ಹೊರಕ್ಕೆ ತಿರುಗಿ, ವೇಗ ಹೆಚ್ಚಿಸಿ, ಬೆಳಕಿನ ಗುಂಡು ಹಾರಿಸುತ್ತ ಹುಡುಕುವುದು. ಅದನ್ನು ನಿಮ್ಮ ನೆಲದಲ್ಲಿ ಅಳೆಯಿರಿ. 15 ನಾಟ್‌ನಲ್ಲೇ ಓಡಿದರೂ ಮೂರು ಸರದಿಯಲ್ಲಿ ಪಕ್ಕದ ಬೆಂಗಾವಲು 15 ಇಂಚು ಹೊರಗೆ ಹೋಗುತ್ತದೆ, ಸಬ್‌ಮೆರಿನ್‌ನಿಂದ ಸುಮಾರು 30 ಇಂಚು ದೂರ. ಆಸ್ಡಿಕ್ ಕೇಳುವುದು ಏಳೂವರೆ ಇಂಚು. ಇತ್ತ ಸಬ್‌ಮೆರಿನ್ ಸುಮ್ಮನೆ ಮುಳುಗಿ ಇದ್ದಲ್ಲೇ ಇದೆ, ಕಾನ್ವಾಯ್ ತಾನಾಗಿಯೇ ಅದನ್ನು ದಾಟಿ ಮುಂದೆ ಹೋಗುತ್ತದೆ. ಎರಡು ಸರದಿಯಲ್ಲಿ ಅದು ಬಾಲದ ಹಿಂದೆ ಬಿದ್ದಿರುತ್ತದೆ. ಆಮೇಲೆ ಎದ್ದು, ಇನ್ನೊಮ್ಮೆ ಬೆನ್ನಟ್ಟಿ ಬರುತ್ತದೆ.

ಈಗ ಹತ್ತನೇ ಸರದಿಗೆ ಹಿಂದಿರುಗಿ, ಬೇರೆ ಆದೇಶ ಕೊಡಿಸಿ. ಪಕ್ಕದ ಬೆಂಗಾವಲುಗಳು ಹೊರಗಲ್ಲ, ಒಳಕ್ಕೆ ಮತ್ತು ಹಿಂದಕ್ಕೆ ತಿರುಗಲಿ. ಸ್ಫೋಟದ ಹೊತ್ತಿಗೆ ಅವು ಸಬ್‌ಮೆರಿನ್‌ನಿಂದ ಸುಮಾರು 15 ಇಂಚು ದೂರದಲ್ಲಿದ್ದವು. ಎರಡು ಸರದಿಯಲ್ಲಿ 10 ಇಂಚು ಓಡಿದರೆ, ಅದು ಮುಳುಗಿದ ಜಾಗದಿಂದ 5 ಇಂಚು ದೂರದಲ್ಲಿರುತ್ತವೆ. ಅಷ್ಟರಲ್ಲಿ ಸಬ್‌ಮೆರಿನ್ ಸರಿದಿರುವುದು ಹೆಚ್ಚೆಂದರೆ 2.7 ಇಂಚು. ಮೂರನೇ ಸರದಿಯ ಹೊತ್ತಿಗೆ ಅದು ಯಾವ ದಿಕ್ಕಿಗೆ ಹೋಗಿದ್ದರೂ ಆಸ್ಡಿಕ್‌ನ ಏಳೂವರೆ ಇಂಚಿನ ಒಳಗೇ ಇರುತ್ತದೆ. ದಾಳ ಹಾಕಲು ಅವಕಾಶ ಸಿಗುತ್ತದೆ. ಲಿವರ್‌ಪೂಲ್‌ನವರು ಕಂಡುಕೊಂಡದ್ದು ಇದೇ: ಶತ್ರು ಹಿಂದಿನಿಂದ ಬಂದು ಒಳಗಿನಿಂದ ಹೊಡೆಯುತ್ತಾನೆ, ಹಾಗಾಗಿ ಹುಡುಕಬೇಕಾದದ್ದು ಕಾನ್ವಾಯ್‌ನ ಬೆನ್ನ ಹಿಂದೆ. ಆ ಹೊಸ ವಿಧಾನಕ್ಕೆ ರಾಸ್‌ಬೆರಿ ಎಂದು ಹೆಸರಿಟ್ಟದ್ದು ಅಲ್ಲಿನ ಹುಡುಗಿಯರಲ್ಲೊಬ್ಬಳಾದ ಜೀನ್ ಲೇಡ್‌ಲಾ. ಅದು ಬರವಣಿಗೆಯಲ್ಲಿ ಹಡಗುಗಳಿಗೆ ಹೋಯಿತು. ಮುಂದೆ ಕಡಲಿಗೆ ಹೊರಡುವ ಬೆಂಗಾವಲು ಅಧಿಕಾರಿಗಳು ತಂಡತಂಡವಾಗಿ ಬಂದು ಆ ನೆಲದ ಮೇಲೆ ಆಡಿ ಕಲಿತು ಹೋದರು, ಯುದ್ಧ ಮುಗಿಯುವಷ್ಟರಲ್ಲಿ ಅವರ ಸಂಖ್ಯೆ 5,000ದ ಹತ್ತಿರ.

ಇಲ್ಲಿ ಒಂದು ಎಚ್ಚರಿಕೆ. ನಿಮ್ಮ ಆಟದಲ್ಲಿ ರಾಸ್‌ಬೆರಿ ಒಮ್ಮೆ ಸೋಲಬಹುದು, ದಾಳ ಕೈಕೊಡಬಹುದು. ಹಾಗಾದಾಗ ವಿಧಾನ ತಪ್ಪು ಎಂದು ತೀರ್ಮಾನಿಸಬೇಡಿ. ಕಲಿಸುವುದು ಉದ್ದೇಶವಾದರೆ ಒಂದು ಆಟ ಸಾಕು, ಯೋಜನೆ ಪರೀಕ್ಷಿಸುವುದು ಉದ್ದೇಶವಾದರೆ ಸಾಲದು. ಅದೇ ಜಾಗ, ಅದೇ ಆದೇಶದಿಂದ ಐದಾರು ಸಲ ಆಡಿಸಿ, ಪ್ರತಿ ಸಲವೂ ಒಂದೇ ಒಂದು ಸಂಗತಿ ಬದಲಿಸಿ. ಒಮ್ಮೆ ಬೆಳದಿಂಗಳು. ಒಮ್ಮೆ ಎರಡನೇ ಸಬ್‌ಮೆರಿನ್. ಒಮ್ಮೆ ಹಿಂದೆಯೂ ಒಂದು ಬೆಂಗಾವಲು. ಎರಡು ಸಂಗತಿ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಬ್ರಹ್ಮನಿಗೂ ಗೊತ್ತಾಗದು.

ಆಟ ಕೆಡುವ ರೀತಿಗಳಲ್ಲಿ ಅತಿ ಸಾಮಾನ್ಯವಾದದ್ದು ಮಾಹಿತಿ ಸೋರಿಕೆ. ಗೆರೆ ಎಳೆಯುವ ಹುಡುಗ ಹಿಂಬದಿಗೆ ಹೋಗಿ ಬಗ್ಗಿದರೆ, ಶತ್ರು ಅಲ್ಲಿದ್ದಾನೆ ಎಂದು ನೀಲಿಯವರು ಅವನ ಬೆನ್ನು ನೋಡಿಯೇ ತಿಳಿಯುತ್ತಾರೆ. ಅದಕ್ಕೇ ಶತ್ರು ಇಲ್ಲದ ಕಡೆಯೂ ಅವನು ಆಗಾಗ ಬಗ್ಗಿ ಸುಳ್ಳು ಗೆರೆ ಎಳೆಯುತ್ತಿರಬೇಕು. ಸೋರಿಕೆ ಆಗಿದೆಯೆಂದು ತಿಳಿಯುವುದು ಸುಲಭ. ಕಾರಣ ಬರೆಯದೆ ನೀಲಿ ಸರಿಯಾದ ದಿಕ್ಕಿಗೆ ತಿರುಗಿದರೆ ಏನೋ ಕಂಡಿದೆ ಎಂದೇ ಅರ್ಥ. ಹಾಗಾಗಿ ಆದೇಶದ ಚೀಟಿಯಲ್ಲಿ ‘ಯಾಕೆ’ ಎಂಬ ಒಂದು ಸಾಲು ಕಡ್ಡಾಯವಾಗಿರಲಿ. ಪರಾಮರ್ಶೆಯ ಹೊತ್ತಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದೂ ಅದೇ ಸಾಲು.

ಎರಡನೆಯದು ಹಿರಿತನ. ಪ್ರಿನ್ಸಿಪಾಲರೋ ಬಂದ ಅತಿಥಿಗಳೋ ನೀಲಿ ಪಕ್ಷದಲ್ಲಿ ಕುಳಿತರೆ ಕೆಂಪಿನ ಹುಡುಗರು ಮೆತ್ತಗಾಗುತ್ತಾರೆ, ಅಂಪೈರ್‌ನ ದಾಳವೂ ಮೆತ್ತಗಾಗುತ್ತದೆ. ಲಿವರ್‌ಪೂಲ್‌ನಲ್ಲಿ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಸಬ್‌ಮೆರಿನ್ ಪಕ್ಷ ವಹಿಸಿ ಆಡಿದರು. ಅವರು ಮೊದಲ ಮಹಾಯುದ್ಧದ ಹೆಸರಾಂತ ಸಬ್‌ಮೆರಿನ್ ಕ್ಯಾಪ್ಟನ್. ಬೆಂಗಾವಲು ನಡೆಸಿದ್ದು ಜಾನೆಟ್ ಒಕೆಲ್ ಎಂಬ ಯುವತಿ. ಐದು ಆಟ ಆಡಿದರು, ಐದರಲ್ಲೂ ಅಡ್ಮಿರಲ್ ಸೋತರು, ಸೋಲಿಸಿದವಳ ಹುದ್ದೆ ಕೇಳಿ ಸಿಟ್ಟಾದರಂತೆ. ಆದರೆ ವಿಧಾನವನ್ನು ಒಪ್ಪಿಕೊಂಡರು. ನಿಮ್ಮಲ್ಲಿ ಅತಿಥಿಗಳಿಗೆ ಆಡುವ ಆಸೆಯಿದ್ದರೆ ಕೆಂಪು ಪಕ್ಷ ಕೊಡಿ, ಯಾರೂ ಅವರನ್ನು ಗೆಲ್ಲಿಸಬೇಕಾಗಿ ಬರುವುದಿಲ್ಲ.

ಮೂರನೆಯದು ಕೆಂಪಿನ ಕೈ ಕಟ್ಟುವುದು. 2002ರಲ್ಲಿ ಅಮೆರಿಕದ ಮಿಲೆನಿಯಂ ಚಾಲೆಂಜ್ ಎಂಬ ದೊಡ್ಡ ತಾಲೀಮಿನಲ್ಲಿ ಕೆಂಪಿನ ಮುಖ್ಯಸ್ಥ, ನಿವೃತ್ತ ಜನರಲ್ ವಾನ್ ರೈಪರ್, ರೇಡಿಯೊ ಬಿಟ್ಟು ಮೋಟಾರ್‌ಸೈಕಲ್ ಮೇಲೆ ಸಂದೇಶ ಕಳಿಸಿ, ಕ್ಷಿಪಣಿ ಮತ್ತು ಸಣ್ಣ ದೋಣಿಗಳಿಂದ ಒಂದೇ ಏಟಿಗೆ 16 ಹಡಗುಗಳನ್ನು ಮುಳುಗಿಸಿದರು. ತಾಲೀಮು ನಡೆಸುತ್ತಿದ್ದವರು ಆ ಹಡಗುಗಳನ್ನು ಮತ್ತೆ ತೇಲಿಸಿದರು. ಅದಕ್ಕೆ ಸಮರ್ಥನೆ ಇದೆ, ಸಾವಿರಾರು ಸೈನಿಕರ ನಿಜವಾದ ಚಲನವಲನ ಆ ಆಟಕ್ಕೆ ಕಟ್ಟಿಕೊಂಡಿತ್ತು. ಆದರೆ ಆಮೇಲೆ ಕೆಂಪು ಏನು ಮಾಡಬೇಕು, ಏನು ಮಾಡಬಾರದು ಎಂದೂ ಹೇಳತೊಡಗಿದರು. ಅಲ್ಲಿಂದ ಮುಂದೆ ಅದು ಪರೀಕ್ಷೆಯಾಗಿ ಉಳಿಯಲಿಲ್ಲ, ವೇಷ ಕಟ್ಟಿದ ಪ್ರಸಂಗವಾಯಿತು. ಅಂಪೈರ್ ಫಲಿತಾಂಶ ಬದಲಿಸಲಿ, ಆದರೆ ಬದಲಿಸಿದ್ದನ್ನೂ ಅದರ ಕಾರಣವನ್ನೂ ಮೂಲ ದಾಳದ ಸಂಖ್ಯೆಯನ್ನೂ ದಾಖಲೆ ಪುಸ್ತಕದಲ್ಲಿ ಬರೆಸಬೇಕು.

ಅಂಪೈರ್‌ಗೆ ಎಷ್ಟು ಸ್ವಾತಂತ್ರ್ಯ ಎಂಬುದು ಹಳೆಯ ಜಗಳ. 1824ರಲ್ಲಿ ಪ್ರಷ್ಯಾದ ಅಧಿಕಾರಿ ರೈಸ್ವಿಟ್ಸ್ ರೂಪಿಸಿದ ಆಟದಲ್ಲಿ ಪ್ರತಿಯೊಂದಕ್ಕೂ ಕೋಷ್ಟಕ, ದಾಳ. ಅದೂ ಎರಡು ನಿಮಿಷದ ಸರದಿಯೇ. 1876ರಲ್ಲಿ ವೆರ್ಡಿ ದು ವೆರ್ನ್ವಾ ಕೋಷ್ಟಕಗಳನ್ನು ಬದಿಗಿಟ್ಟು, ಅನುಭವಿ ಅಂಪೈರ್‌ನ ವಿವೇಚನೆ ಸಾಕು ಎಂದರು. ನಿಮ್ಮಲ್ಲಿ ಯುದ್ಧ ಕಂಡ ಅಂಪೈರ್ ಇಲ್ಲದ್ದರಿಂದ ದಾಳವೇ ಇರಲಿ.

ಸ್ಟಾಫ್ ಎಕ್ಸರ್‌ಸೈಜ್ ಎಂಬುದು ಬೇರೆಯೇ ಪ್ರಾಣಿ, ಇವೆರಡನ್ನು ಬೆರೆಸಬೇಡಿ. ವಾರ್ ಗೇಮ್‌ನಲ್ಲಿ ಎದುರಾಳಿ ಯೋಚಿಸುತ್ತಾನೆ. ಸ್ಟಾಫ್ ಎಕ್ಸರ್‌ಸೈಜ್‌ನಲ್ಲಿ ಎದುರಾಳಿಯ ನಡೆಗಳನ್ನು ಮೊದಲೇ ಬರೆದಿಟ್ಟಿರುತ್ತಾರೆ. ಅಲ್ಲಿ ಪರೀಕ್ಷೆಯಾಗುವುದು ಕಚೇರಿ, ಅಂದರೆ ಸುದ್ದಿ ಬಂದಾಗ ಅದು ನಿರ್ಧರಿಸುವವರ ಕೈ ಸೇರಿ ಆದೇಶವಾಗಿ ಹೊರಡಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು. ನಮ್ಮ ಕರಾವಳಿಯಲ್ಲಿ ನಡೆಯುವ ಸಾಗರ ಕವಚ, 2019ರ ಜನವರಿಯಲ್ಲಿ ಶುರುವಾದ ಸೀ ವಿಜಿಲ್ ಎಂಬ ಕರಾವಳಿ ರಕ್ಷಣೆಯ ತಾಲೀಮುಗಳಲ್ಲಿ ನಿಜವಾದ ದೋಣಿ, ನಿಜವಾದ ಸಿಬ್ಬಂದಿ ಇರುತ್ತಾರೆ. ಅವು ಮೂರನೇ ಜಾತಿ, ನಿಮ್ಮ ಕೋಣೆಗೆ ಹಿಡಿಸುವುದಿಲ್ಲ.

ಸ್ಟಾಫ್ ಎಕ್ಸರ್‌ಸೈಜ್ ಅನ್ನು ಒಂದು ಮಧ್ಯಾಹ್ನ ಆಡಿಸಬಹುದು. ಮೂರು ಕೋಣೆ: ಸುದ್ದಿ ಬರುವ ಕೋಣೆ, ಮುಖ್ಯಸ್ಥರ ಕೋಣೆ, ಹಡಗುಗಳ ಕೋಣೆ. 15 ಸುದ್ದಿಗಳ ಪಟ್ಟಿ ಮಾಡಿ, 45 ನಿಮಿಷದಲ್ಲಿ ಒಂದೊಂದಾಗಿ ಬಿಡಿ. ಮೂರು ಸುದ್ದಿ ಸುಳ್ಳಾಗಿರಲಿ, ಎರಡು ಒಂದಕ್ಕೊಂದು ವಿರುದ್ಧವಾಗಿರಲಿ. ಪ್ರತಿ ಕಾಗದದ ಮೇಲೂ ನಾಲ್ಕು ಸಮಯ ಬರೆಸಿ: ಬಂದದ್ದು, ಮುಖ್ಯಸ್ಥ ಓದಿದ್ದು, ಆದೇಶ ಹೊರಟದ್ದು, ಹಡಗಿನವರು ಮುಟ್ಟಿತು ಎಂದದ್ದು. ಕೊನೆಗೆ ಕಾಗದಗಳನ್ನು ಜೋಡಿಸಿದರೆ ಎಲ್ಲಿ ಕಟ್ಟಿಕೊಂಡಿತು ಎಂದು ತಾನಾಗಿ ಕಾಣುತ್ತದೆ. ಸಾಮಾನ್ಯವಾಗಿ ತಡವಾಗುವುದು ಮೊದಲ ಮತ್ತು ಎರಡನೇ ಸಮಯದ ನಡುವೆ. ಸುದ್ದಿ ಕೋಣೆಯವರು ಎಲ್ಲವನ್ನೂ ಅಂದವಾಗಿ ಕಾಪಿ ಮಾಡಿ, ಕ್ರಮಸಂಖ್ಯೆ ಹಾಕಿ, ಬಂದ ಕ್ರಮದಲ್ಲೇ ಒಳಗೆ ಕಳಿಸುತ್ತಾರೆ. ತುರ್ತಿನ ಸುದ್ದಿ ಏಳನೆಯದಾಗಿ ಅಡಿಯಲ್ಲಿ ಮಲಗಿರುತ್ತದೆ.

ಪರಾಮರ್ಶೆಗೆ ಒಟ್ಟು ಸಮಯದ ಮೂರನೇ ಒಂದು ಪಾಲು ಎತ್ತಿಡಿ. ಅನೇಕರು ಆಟವನ್ನು ಎಳೆದು ಎಳೆದು, ಕೊನೆಗೆ ಹತ್ತು ನಿಮಿಷದಲ್ಲಿ ಚಾ ಕುಡಿಸಿ ಕಳಿಸುತ್ತಾರೆ. ಎಲ್ಲರನ್ನೂ ಪರದೆಯೊಳಗೆ ಕರೆದು ನೆಲದ ಸುತ್ತ ನಿಲ್ಲಿಸಿ. ಮೊದಲು ನೀಲಿಯ ಕಿರಿಯ ಕ್ಯಾಪ್ಟನ್ ಮಾತಾಡಲಿ, ಮುಖ್ಯಸ್ಥ ಕೊನೆಗೆ. ಇಂಥ ಸರದಿಯಲ್ಲಿ ನಿನಗೆ ಏನು ಗೊತ್ತಿತ್ತು, ಏನೆಂದುಕೊಂಡೆ, ಏನು ಮಾಡಿದೆ ಎಂದು ಕೇಳಿ, ಚೀಟಿ ತೆಗೆದು ತಾಳೆ ನೋಡಿ. ಆಮೇಲೆ ಹಸಿರು ಗೆರೆ ತೋರಿಸಿ. ಹೊರಡುವ ಮೊದಲು ಮುಂದಿನ ಆಟದ ಆದೇಶದಲ್ಲಿ ಯಾವ ಸಾಲು ಬದಲಾಗಬೇಕು ಎಂಬುದನ್ನು ಅದೇ ಕೋಣೆಯಲ್ಲಿ, ಮುಖ್ಯಸ್ಥನ ಕೈಯಲ್ಲೇ ಬರೆಸಿ ಸಹಿ ಹಾಕಿಸಿ. ನೆಲವನ್ನು ಅಳಿಸುವ ಮುಂಚೆ ಮೇಜಿನ ಮೇಲೆ ಹತ್ತಿ ಒಂದು ಫೋಟೊ ತೆಗೆದಿಡಿ. ಕಾವಿಯ ಮೇಲಿನ ಹಸಿರು ಫೋಟೊದಲ್ಲೂ ಮಬ್ಬಾಗಿ ಬರುತ್ತದೆ, ಹಾಗಾಗಿ ಅದರ ಮೇಲೊಮ್ಮೆ ಹಳದಿ ಚಾಕ್ ಎಳೆದು ತೆಗೆಯಿರಿ.